‘ಚಿಕ್ಕದೊಂದು ತಿದ್ದುಪಡಿ’ಯ ಲೆಕ್ಕ

2024ರ ಡಿಸೆಂಬರ್ ತಿಂಗಳ ಒಂದು ಸಂಜೆ ದೂರವಾಣಿ ಕರೆ ಬಂತು. ಆ ಕಡೆಯಲ್ಲಿದ್ದವರು ಗ್ರಾಮೀಣ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಸ್ವಯಂಸೇವಾ ಸಂಸ್ಥೆಯೊಂದರ ಸಂಯೋಜಕಿ. ‘ಮೇಡಂ, ಪುಸ್ತಕ ನಾಡಿದ್ದು ಪ್ರಿಂಟಿಗೆ ಹೋಗ್ತಾ ಇದೆ. ಚಿಕ್ಕದೊಂದು ಕರೆಕ್ಷನ್ ಇದೆ, ಹತ್ತು ನಿಮಿಷದ ಕೆಲಸ ಅಷ್ಟೆ’ ಎಂದರು. ಆ ಪುಸ್ತಕದ ಅನುವಾದವನ್ನು ನಾನು ಒಪ್ಪಿಸಿ ನಾಲ್ಕು ತಿಂಗಳಾಗಿತ್ತು. ಹತ್ತು ನಿಮಿಷ ತಾನೆ ಎಂದು ಒಪ್ಪಿಕೊಂಡೆ. ಒಂದು ಅಧ್ಯಾಯದ ನಡುವೆ ಮೂರು ಸಾಲು ಸೇರಿಸಬೇಕಿತ್ತು. ಸೇರಿಸಿದ್ದೇ ತಡ, ಮುಂದಿನ ಪುಟಗಳೆಲ್ಲ ಕೆಳಗೆ ಸರಿದವು. ‘34ನೇ ಪುಟ ನೋಡಿ’ ಎಂದಿದ್ದ ಕಡೆಗಳಲ್ಲೆಲ್ಲ ಪುಟಸಂಖ್ಯೆ ತಪ್ಪಿತು, ಪರಿವಿಡಿ ತಪ್ಪಿತು, ಎರಡು ಚಿತ್ರಗಳು ತಮ್ಮ ವಿವರಣೆಯಿಂದ ಅಗಲಿದವು. ಹತ್ತು ನಿಮಿಷದ ಕೆಲಸ ಮರುದಿನದ ಅರ್ಧ ಹಗಲನ್ನು ನುಂಗಿ ಮುಗಿಯಿತು.

ಆ ರಾತ್ರಿ ನನ್ನ ದಿನಚರಿಯನ್ನು ತೆರೆದು, ಆ ಒಂದು ಪುಸ್ತಕಕ್ಕೆ ಎಷ್ಟು ದಿನ ಕೊಟ್ಟಿದ್ದೇನೆಂದು ಮೊದಲ ಬಾರಿಗೆ ಕೂಡಿಸಿ ನೋಡಿದೆ. ಹನ್ನೆರಡು ವರ್ಷಗಳಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಯೇ ಬದುಕುತ್ತಿರುವವಳು ಇಂಥ ಲೆಕ್ಕವನ್ನು ಅದುವರೆಗೆ ಹಾಕಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ನಾನೊಬ್ಬಳೇ ಅಲ್ಲ. ನಲ್ಲಿ ರಿಪೇರಿಗೆ ಬರುವವರು ಮನೆಯೊಳಗೆ ಕಾಲಿಡುವ ಮುನ್ನವೇ ಭೇಟಿಗೆ ಇಷ್ಟು ಎಂದು ಹೇಳುತ್ತಾರೆ, ಮತ್ತೆ ಬರಬೇಕಾದರೆ ಮತ್ತೆ ಕೇಳುತ್ತಾರೆ. ಅಕ್ಷರದ ಕೆಲಸ ಮಾಡುವ ನಮಗೆ ಆ ಸಹಜ ಧೈರ್ಯ ಬರಲಿಲ್ಲ. ನಮ್ಮ ಕೂಲಿಗೆ ‘ಗೌರವಧನ’ ಎಂಬ ಹೆಸರಿಟ್ಟಾಗಲೇ ಅರ್ಧ ಸೋತೆವೇನೋ. ಗೌರವವೆಂದು ಕೊಟ್ಟದ್ದನ್ನು ಎಣಿಸಿ ನೋಡುವುದು ಅಸಭ್ಯವೆಂದು ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ.

ಆ ಪುಸ್ತಕದ ಕಥೆ ಹೀಗಿದೆ. ಅದು ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಿಗಾಗಿ ಸಿದ್ಧಪಡಿಸಿದ ಕೈಪಿಡಿ, ಇಂಗ್ಲಿಷಿನಲ್ಲಿ 24,000 ಪದಗಳು. ಪದಕ್ಕೆ 2 ರೂಪಾಯಿಯಂತೆ 48,000 ರೂಪಾಯಿಗೆ ಜುಲೈನಲ್ಲಿ ಒಪ್ಪಿಕೊಂಡಿದ್ದೆ. ಪದಕ್ಕೆ ಒಂದೂವರೆ ರೂಪಾಯಿ ಕೊಡುವ ಮಧ್ಯವರ್ತಿ ಕಂಪೆನಿಗಳ ಕೆಲಸಕ್ಕೆ ಹೋಲಿಸಿದರೆ ಅದು ನನಗೆ ಉದಾರವಾದ ದರವಾಗಿಯೇ ಕಂಡಿತ್ತು. ದಿನಕ್ಕೆ 1,500 ಪದಗಳಂತೆ 16 ದಿನದ ಕೆಲಸ, ಅಂದರೆ ದಿನಕ್ಕೆ 3,000 ರೂಪಾಯಿ. ಅನುವಾದವೂ ಸರಿಯಾಗಿ 16 ದಿನಗಳಲ್ಲಿ ಮುಗಿಯಿತು. ಅಲ್ಲಿಯವರೆಗೆ ನನ್ನ ಅಂದಾಜಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು, ಅನುವಾದ ಮುಗಿದರೆ ಕೆಲಸ ಮುಗಿಯಿತೆಂದು ತಿಳಿದದ್ದರಲ್ಲಿ.

ಮೊದಲ ಸುತ್ತಿನಲ್ಲಿ ಸಂಸ್ಥೆಯ ಮೂವರು ಪರಿಶೀಲಕರು ಬೇರೆ ಬೇರೆಯಾಗಿ ಓದಿ ಟಿಪ್ಪಣಿ ಕಳುಹಿಸಿದರು. ಒಬ್ಬರು ಧಾರವಾಡದ ಕಡೆಯವರು, ಇನ್ನೊಬ್ಬರು ಮೈಸೂರಿನವರು. ಒಬ್ಬರಿಗೆ ‘ಬಾಣಂತಿ’ ಸರಿ, ಇನ್ನೊಬ್ಬರಿಗೆ ‘ಪ್ರಸವಾನಂತರದ ತಾಯಿ’ ಬೇಕು. ಇವರನ್ನೆಲ್ಲ ಹೊಂದಿಸುವ ಮಧ್ಯಸ್ಥಿಕೆಯೂ ನನ್ನ ಪಾಲಿಗೇ ಬಂತು. ಅದಕ್ಕೆ ಎರಡೂವರೆ ದಿನ. ಅದರಲ್ಲಿ ಒಂದು ದಿನ ನನ್ನದೇ ತಪ್ಪುಗಳನ್ನು ತಿದ್ದಲು ಹೋಯಿತು. ಒಂದು ಕೋಷ್ಟಕದ ಸಾಲನ್ನು ಬಿಟ್ಟಿದ್ದೆ, ಎರಡು ಕಡೆ ಅರ್ಥವನ್ನು ತಪ್ಪಾಗಿ ಗ್ರಹಿಸಿದ್ದೆ.

ಎರಡನೆಯ ಸುತ್ತಿನಲ್ಲಿ ಇಂಗ್ಲಿಷ್ ಮೂಲವೇ ಬದಲಾಗಿ ಬಂತು. ‘ಹೆಚ್ಚೇನಿಲ್ಲ, ಅಲ್ಲಲ್ಲಿ’ ಎಂದರು. ಆದರೆ ಎಲ್ಲೆಲ್ಲಿ ಬದಲಾಗಿದೆ ಎಂದು ಗುರುತು ಮಾಡಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೋಲಿಸಿ, ಬದಲಾದ ವಾಕ್ಯಗಳನ್ನು ಮತ್ತೆ ಅನುವಾದಿಸಲು ಮೂರು ದಿನ ಬೇಕಾಯಿತು.

ಮೂರನೆಯದು ಒಂದೇ ಒಂದು ಪದದ ಬದಲಾವಣೆ. ‘ಫಲಾನುಭವಿ’ ಎಂಬ ಪದ ಬೇಡ, ಎಲ್ಲ ಕಡೆ ‘ಕುಟುಂಬ’ ಎಂದು ಮಾಡಿ ಎಂಬುದು ಸಂಸ್ಥೆಯ ತೀರ್ಮಾನ. ಇಂಗ್ಲಿಷ್ ಪ್ರತಿಯಲ್ಲಿ ಅವರು ಅದನ್ನು ಗಣಕದಲ್ಲಿ ಹುಡುಕಿ ಬದಲಿಸುವ ಸೌಲಭ್ಯದಿಂದ ಒಂದು ನಿಮಿಷದಲ್ಲಿ ಮುಗಿಸಿದ್ದರು. ಕನ್ನಡದಲ್ಲಿ ಹಾಗೆ ಮಾಡಿದರೆ ‘ಫಲಾನುಭವಿಗೆ’ ಎಂಬುದು ‘ಕುಟುಂಬಗೆ’ ಎಂದಾಗುತ್ತದೆ, ‘ಫಲಾನುಭವಿಯಿಂದ’ ಎಂಬುದು ‘ಕುಟುಂಬಯಿಂದ’ ಆಗುತ್ತದೆ. ‘ಕುಟುಂಬಕ್ಕೆ’, ‘ಕುಟುಂಬದಿಂದ’, ‘ಕುಟುಂಬವನ್ನು’ ಎಂದು ಒಂದೊಂದನ್ನೂ ಕೈಯಿಂದಲೇ ತಿದ್ದಬೇಕು. ಅಷ್ಟಕ್ಕೇ ನಿಲ್ಲುವುದಿಲ್ಲ. ‘ಫಲಾನುಭವಿಗಳು ಬಂದರು’ ಎಂದಿದ್ದಲ್ಲಿ ‘ಕುಟುಂಬಗಳು ಬಂದವು’ ಆಗಬೇಕು, ‘ಅವರಿಗೆ’ ಎಂದಿದ್ದಲ್ಲಿ ‘ಅವುಗಳಿಗೆ’ ಎಂದರೆ ಕಿವಿಗೆ ಒಗ್ಗದೆ ಇಡೀ ವಾಕ್ಯವನ್ನೇ ತಿರುಗಿಸಿ ಬರೆಯಬೇಕು. ವಿಭಕ್ತಿಯೂ ಲಿಂಗವೂ ಕ್ರಿಯಾಪದವೂ ಒಂದಕ್ಕೊಂದು ಹೆಣೆದುಕೊಂಡಿರುವ ಭಾಷೆಯಲ್ಲಿ ಒಂದು ಪದದ ಬದಲಾವಣೆ ಎಂಬುದಿಲ್ಲ. ಅದಕ್ಕೆ ಒಂದೂವರೆ ದಿನ ಹಿಡಿಯಿತು.

ನಾಲ್ಕನೆಯದು ಪುಟವಿನ್ಯಾಸದ ನಂತರದ ಕರಡು. ನಾನು ಕೊಟ್ಟಿದ್ದು ಯೂನಿಕೋಡಿನಲ್ಲಿ. ಪುಟ ಕಟ್ಟುವವರು ಬಳಸುತ್ತಿದ್ದುದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಜಾರುತ್ತವೆ, ಇಂಗ್ಲಿಷಿನಲ್ಲೇ ಉಳಿಸಿದ್ದ ಔಷಧದ ಹೆಸರುಗಳು ಕನ್ನಡ ಫಾಂಟಿಗೆ ಸಿಕ್ಕಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಒಂದು ಕಡೆ ‘ಅರ್ಧ ಮಾತ್ರೆ’ ಎಂಬಲ್ಲಿ ಅರ್ಕಾವತ್ತು ಮಾಯವಾಗಿ ‘ಅಧ ಮಾತ್ರೆ’ ಎಂದಾಗಿತ್ತು. ಅರ್ಧವೋ ಒಂದೋ ಎಂದು ಕಾರ್ಯಕರ್ತೆ ಊಹಿಸಬೇಕಾದ ಸ್ಥಿತಿ. ಹಣ ಕೊಡಲಿ, ಬಿಡಲಿ, ಇದನ್ನು ನೋಡದೆ ಬಿಡುವಂತಿರಲಿಲ್ಲ. ಎರಡು ದಿನ ಕರಡಿಗೆ, ಅರ್ಧ ದಿನ ಆ ‘ಹತ್ತು ನಿಮಿಷ’ಕ್ಕೆ, ಒಟ್ಟು ಎರಡೂವರೆ.

ಹೀಗೆ ಒಂಬತ್ತೂವರೆ ದಿನಗಳು ಅಂದಾಜಿನ ಹೊರಗೇ ಉಳಿದಿದ್ದವು. ಹದಿನಾರಕ್ಕೆ ಅವನ್ನು ಕೂಡಿಸಿದರೆ ಇಪ್ಪತ್ತೈದೂವರೆ. 48,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1,880 ರೂಪಾಯಿ. ಮೂರು ಸಾವಿರವೆಂದು ನಂಬಿ ಒಪ್ಪಿಕೊಂಡಿದ್ದ ಕೆಲಸವಿದು. ಅದೂ ಕೈಗೆ ಬಂದದ್ದು ಪುಸ್ತಕ ಅಚ್ಚಾದ ಮೇಲೆ, ಮೂಲದಲ್ಲೇ ಶೇ 10ರ ತೆರಿಗೆ ಮುರಿದು 43,200. ಮುರಿದ ತೆರಿಗೆ ನಷ್ಟವಲ್ಲ, ವಾರ್ಷಿಕ ಲೆಕ್ಕ ಸಲ್ಲಿಸುವಾಗ ಜಮೆಗೆ ಬರುತ್ತದೆ. ಆದರೆ ಜುಲೈನಲ್ಲಿ ಆರಂಭಿಸಿದ ಕೆಲಸಕ್ಕೆ ಆರು ತಿಂಗಳು ಒಂದು ರೂಪಾಯಿಯನ್ನೂ ಕಾಣದೆ ಕಾದದ್ದು ಬೇರೆ ಮಾತು.

ಹಾಗಾದರೆ ನನ್ನ ಒಂದು ದಿನದ ಬೆಲೆ ನಿಜಕ್ಕೂ ಎಷ್ಟಿರಬೇಕು? ಮಾರುಕಟ್ಟೆಯ ದರವನ್ನು ಕೇಳಿ ತಿಳಿಯುವ ಬದಲು ಮನೆಯ ಕಡೆಯಿಂದ ಲೆಕ್ಕ ಹಾಕತೊಡಗಿದೆ. ಮನೆಖರ್ಚಿಗೆ ತಿಂಗಳಿಗೆ 50,000 ಬೇಕು. ವಿದ್ಯುತ್ತು, ಅಂತರ್ಜಾಲ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಕಂಪ್ಯೂಟರು, ನಿಘಂಟುಗಳು, ಆರೋಗ್ಯ ವಿಮೆ, ತೆರಿಗೆ ಇವಕ್ಕೆಂದು 10,000. ನೌಕರಿಯಲ್ಲಿದ್ದಿದ್ದರೆ ಭವಿಷ್ಯನಿಧಿಯಲ್ಲಿ ಸೇರುತ್ತಿದ್ದ ಉಳಿತಾಯಕ್ಕೆ ಇನ್ನೊಂದು 10,000. ತಿಂಗಳಿಗೆ 70,000, ವರ್ಷಕ್ಕೆ 8,40,000. ಇವು ನನ್ನ ಮನೆಯ ಅಂಕಿಗಳು, ಓದುಗರು ತಮ್ಮವನ್ನು ಇಟ್ಟುಕೊಳ್ಳಬಹುದು. ಲೆಕ್ಕದ ಕ್ರಮ ಮಾತ್ರ ಬದಲಾಗುವುದಿಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು, 70,000ವನ್ನು ಮೂವತ್ತರಿಂದ ಭಾಗಿಸುವುದು. ದಿನಕ್ಕೆ 2,333 ರೂಪಾಯಿ ಎಂದು ಉತ್ತರ ಬರುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಆದರೆ ತಿಂಗಳಿಗೆ ಮೂವತ್ತೂ ದಿನ ದುಡ್ಡು ಹುಟ್ಟುವ ಕೆಲಸ ಯಾರಿಗಿದೆ? ವರ್ಷದ 365 ದಿನಗಳಲ್ಲಿ ಶನಿವಾರ, ಭಾನುವಾರಗಳ 104 ಕಳೆದರೆ 261. ಹಬ್ಬ, ಮದುವೆ-ಮುಂಜಿ, ಕಾಯಿಲೆ-ಕಸಾಲೆಗಳಿಗೆ 26 ದಿನ ಬಿಟ್ಟರೆ 235. ಈ 235 ದಿನವೂ ಮೇಜಿನ ಮುಂದೆ ಕುಳಿತಿರುತ್ತೇನೆ, ನಿಜ. ಆದರೆ ಹೊಸ ಕೆಲಸದ ವಿಚಾರಣೆಗೆ ಉತ್ತರಿಸುವುದು, ಮಾದರಿ ಅನುವಾದ ಮಾಡಿಕೊಡುವುದು, ಬಿಲ್ಲು ಬರೆಯುವುದು, ಬಾರದ ಬಾಕಿಗಾಗಿ ಮೂರು ಸಲ ಜ್ಞಾಪಿಸುವುದು, ಹೊಸ ತಂತ್ರಾಂಶ ಕಲಿಯುವುದು, ಕೆಲಸವಿಲ್ಲದೆ ಕಾಯುವುದು ಇವೆಲ್ಲಕ್ಕೆ ಯಾರೂ ಹಣ ಕೊಡುವುದಿಲ್ಲ. ನನ್ನ ದಿನಚರಿಯ ಪ್ರಕಾರ ಅವು ವರ್ಷಕ್ಕೆ 75 ದಿನ. ಉಳಿದದ್ದು 160. ಎಂಟು ಲಕ್ಷದ ನಲವತ್ತು ಸಾವಿರವನ್ನು ಈ 160ರಿಂದ ಭಾಗಿಸಿದರೆ ದಿನಕ್ಕೆ 5,250 ರೂಪಾಯಿ.

ಈ ಅಂಕಿಯನ್ನು ಮೊದಲು ಕಂಡಾಗ ನನಗೇ ಇದು ಅತಿಯಾಯಿತೆಂದು ಅನ್ನಿಸಿತ್ತು. ನನ್ನ ಯಜಮಾನರು ನೋಡಿ, ‘ಇದು ನಿನ್ನ ದುರಾಸೆಯಲ್ಲ, ನಮ್ಮ ಖರ್ಚು’ ಎಂದರು. ಅದು ಲಾಭವಲ್ಲ, ತಿಂಗಳಿಗೆ 70,000ದ ಬದುಕನ್ನು ನಡೆಸಲು ಬೇಕಾದ ಕನಿಷ್ಠ ದರ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ಆ ಕೊರತೆಯನ್ನು ಉಳಿತಾಯದಿಂದಲೋ ಭಾನುವಾರಗಳಿಂದಲೋ ತುಂಬಬೇಕಾಗುತ್ತದೆ. ನಾನು ಹನ್ನೆರಡು ವರ್ಷ ತುಂಬಿದ್ದೂ ಅಲ್ಲಿಂದಲೇ.

ದಿನದ ದರ ತಿಳಿದ ಮೇಲೆ ಪದದ ದರ ತಾನಾಗಿ ಹೊರಡುತ್ತದೆ. ದಿನಕ್ಕೆ 1,500 ಪದಗಳೆಂದರೆ ಪದಕ್ಕೆ ಮೂರೂವರೆ ರೂಪಾಯಿ. ಯಾವ ಪದ ಎಂಬುದನ್ನು ಮಾತ್ರ ಮೊದಲೇ ಬರೆದುಕೊಳ್ಳಬೇಕು. ಇಂಗ್ಲಿಷಿನ ‘ಫ್ರಮ್ ದ ಹೌಸ್’ ಮೂರು ಪದ, ನಮ್ಮ ‘ಮನೆಯಿಂದ’ ಒಂದೇ ಪದ. ಆ 24,000 ಪದಗಳ ಕೈಪಿಡಿ ಕನ್ನಡದಲ್ಲಿ ಸುಮಾರು 17,000 ಪದಗಳಾಗಿತ್ತು. ‘ಕನ್ನಡದ ಪದಗಳನ್ನು ಎಣಿಸಿ ಕೊಡುತ್ತೇವೆ’ ಎನ್ನುವವರಿಗೆ ಒಪ್ಪಿದರೆ, ದರ ಅದೇ ಇದ್ದರೂ ಕೂಲಿಯ ಕಾಲುಭಾಗಕ್ಕಿಂತ ಹೆಚ್ಚು ಸದ್ದಿಲ್ಲದೆ ಹೋಗುತ್ತದೆ. ಚೆನ್ನಾಗಿ, ಬಿಗಿಯಾಗಿ ಬರೆದಷ್ಟೂ ಕಡಿಮೆ ಸಿಗುವ ಈ ವಿಚಿತ್ರ ಪದ್ಧತಿಗೆ ನಾನೀಗ ಒಪ್ಪುವುದಿಲ್ಲ. ಮೂಲದ ಪದಗಳನ್ನೇ ಎಣಿಸಬೇಕು.

ಇನ್ನು ಉಳಿಯುವುದು ತಿದ್ದುಪಡಿಯ ಪ್ರಶ್ನೆ. ಅದನ್ನು ಎಲ್ಲಿ ಸೇರಿಸುವುದು? ಹಣ ಬಾರದ ಆ 75 ದಿನಗಳ ಜೊತೆಗೆ ಇನ್ನಷ್ಟು ದಿನ ಸೇರಿಸಿ ದಿನದ ದರವನ್ನೇ ಏರಿಸಬಹುದು. ನಾನು ಯೋಚಿಸಿ ಅದನ್ನು ಬಿಟ್ಟೆ. ಹಾಗೆ ಮಾಡಿದರೆ ಅಚ್ಚುಕಟ್ಟಾಗಿ ಒಂದೇ ಸಲ ಟಿಪ್ಪಣಿ ಕಳುಹಿಸುವ ಗಿರಾಕಿ, ಐದು ಸಲ ಮನಸ್ಸು ಬದಲಿಸುವ ಗಿರಾಕಿಯ ಖರ್ಚನ್ನು ಹೊತ್ತಂತಾಗುತ್ತದೆ. ತಿದ್ದುಪಡಿಯ ಹೊರೆ ಆಯಾ ಕೆಲಸದ ಮೇಲೆಯೇ ಬೀಳಬೇಕು. ಅದಕ್ಕಾಗಿ ಆ ಒಂಬತ್ತೂವರೆ ದಿನಗಳನ್ನು ಮತ್ತೆ ಮುಂದಿಟ್ಟುಕೊಂಡು, ಪ್ರತಿಯೊಂದು ತಿದ್ದುಪಡಿಯೂ ಯಾರಿಂದ ಹುಟ್ಟಿತು ಎಂದು ಕೇಳಿಕೊಂಡೆ.

ಮೊದಲನೆಯದು ನನ್ನ ತಪ್ಪು. ಬಿಟ್ಟುಹೋದ ಸಾಲು, ತಪ್ಪಿದ ಅರ್ಥ, ಕಾಗುಣಿತದ ದೋಷ. ಇದಕ್ಕೆ ಎಂದೂ ಹಣ ಕೇಳುವಂತಿಲ್ಲ, ಎಷ್ಟು ಸಲ ಬಂದರೂ ತಿದ್ದಿಕೊಡಬೇಕು. ಕೈಪಿಡಿಯಲ್ಲಿ ಅದು ಒಂದು ದಿನ. ಎರಡನೆಯದು ಅಭಿರುಚಿಯ ವ್ಯತ್ಯಾಸ. ಅನುವಾದ ಸರಿಯಿದೆ, ಆದರೆ ಅವರಿಗೆ ಬೇರೆ ಪದ ಇಷ್ಟ. ಇದೂ ಸಹಜವೇ, ಪುಸ್ತಕ ಅವರದು. ಇಂಥದಕ್ಕೆ ಒಂದು ಸುತ್ತನ್ನು ಅಂದಾಜಿನಲ್ಲೇ ಸೇರಿಸಿಕೊಳ್ಳುವುದು ನ್ಯಾಯ. ಅದು ಒಂದೂವರೆ ದಿನವಾಗಿತ್ತು. ಈ ಎರಡೂ ಸೇರಿದರೆ ಎರಡೂವರೆ ದಿನ, ಅಂದರೆ ಹದಿನಾರು ದಿನದ ಕೆಲಸಕ್ಕೆ ಸುಮಾರು ಶೇ 15. ಅಂದಿನಿಂದ ಪ್ರತಿ ಅಂದಾಜಿಗೂ ನಾನು ಈ ಶೇ 15ನ್ನು ಸೇರಿಸುತ್ತೇನೆ.

ಮೂರನೆಯದು ತೀರ್ಮಾನದ ಬದಲಾವಣೆ. ಮೂಲವೇ ಬದಲಾದದ್ದು, ಒಪ್ಪಿದ ಪಾರಿಭಾಷಿಕ ಪದವನ್ನು ಕೊನೆಯಲ್ಲಿ ತೆಗೆದದ್ದು. ಇವು ತಿದ್ದುಪಡಿಗಳೇ ಅಲ್ಲ, ಹೊಸ ಕೆಲಸಗಳು. ಕೈಪಿಡಿಯಲ್ಲಿ ಇವಕ್ಕೆ ನಾಲ್ಕೂವರೆ ದಿನ ಹೋಗಿತ್ತು. ಇವುಗಳಿಗೆ ದಿನದ ದರವೇ ಅನ್ವಯಿಸಬೇಕು. ಪುಟ ಕಟ್ಟಿದ ಮೇಲಿನ ಕರಡು ತಿದ್ದುವಿಕೆಯೂ ಅನುವಾದದ ಭಾಗವಲ್ಲ. ಅದು ಅಗತ್ಯವಾದ, ಆದರೆ ಬೇರೆಯದೇ ಆದ ಕೆಲಸ. ಅದನ್ನು ಅಂದಾಜಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು.

ಈ ಲೆಕ್ಕದಂತೆ ಅದೇ ಕೈಪಿಡಿಗೆ ಹದಿನೆಂಟೂವರೆ ದಿನ, ದಿನಕ್ಕೆ 5,250ರಂತೆ 97,125 ರೂಪಾಯಿ ಕೇಳಬೇಕಿತ್ತು. ಕರಡಿನ ಎರಡು ದಿನಕ್ಕೆ ಬೇರೆಯಾಗಿ 10,500. ನಾನು ಕೇಳಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಇದನ್ನೆಲ್ಲ ನನ್ನ ಪುಟವಿನ್ಯಾಸಕ ಮಿತ್ರರಿಗೆ ತೋರಿಸಿದಾಗ ಅವರು ನಕ್ಕರು. ‘ನಮ್ಮ ಕಥೆಯೂ ಇದೇ ಅಲ್ಲವೇನಮ್ಮಾ? ಮುಖಪುಟಕ್ಕೆ ಮೂರು ಮಾದರಿ ತೋರಿಸು ಅಂತಾರೆ. ಮೊದಲನೆಯದರ ಬಣ್ಣ, ಎರಡನೆಯದರ ಅಕ್ಷರ, ಮೂರನೆಯದರ ಚಿತ್ರ ಸೇರಿಸಿ ನಾಲ್ಕನೆಯದು ಮಾಡು ಅಂತಾರೆ’ ಎಂದರು. ಅವರು ಈಗ ಮಾದರಿ ಮೂರು, ಆಯ್ದ ಮಾದರಿಯ ಮೇಲೆ ತಿದ್ದುಪಡಿ ಎರಡು ಸುತ್ತು, ಆಮೇಲೆ ಗಂಟೆಯ ಲೆಕ್ಕ ಎಂದು ಮೊದಲೇ ಬರೆದುಕೊಡುತ್ತಾರಂತೆ. ‘ಸುತ್ತು ಅಂದರೇನು ಅನ್ನೋದನ್ನೂ ಬರೀರಿ. ಇಲ್ಲದಿದ್ದರೆ ದಿನಕ್ಕೊಂದು ವಾಟ್ಸ್ಆ್ಯಪ್ ಸಂದೇಶ ಬರುತ್ತೆ, ಎಲ್ಲಾ ಸೇರಿ ಒಂದೇ ಸುತ್ತು ಅಂತಾರೆ’ ಎಂದು ಎಚ್ಚರಿಸಿದ್ದೂ ಅವರೇ.

ಅವರ ಮಾತಿನಂತೆ ನನ್ನ ಅಂದಾಜುಪತ್ರಕ್ಕೆ ಈಗ ಕೆಲವು ಸಾಲುಗಳು ಸೇರಿವೆ. ಮೂಲಪ್ರತಿ ಅಂತಿಮವಾದ ಮೇಲೆಯೇ ಕೆಲಸ ಆರಂಭ. ಮೊದಲ 1,000 ಪದಗಳನ್ನೂ ಮುಖ್ಯ ಪದಗಳ ಪಟ್ಟಿಯನ್ನೂ ನಾನು ಮೊದಲು ಕಳುಹಿಸುತ್ತೇನೆ, ಅವರು ಒಪ್ಪಿದ ನಂತರ ಮುಂದುವರಿಯುತ್ತೇನೆ. ಒಂದು ಸುತ್ತಿನ ತಿದ್ದುಪಡಿ ಶುಲ್ಕದಲ್ಲೇ ಸೇರಿದೆ. ಸುತ್ತು ಎಂದರೆ ಎಲ್ಲ ಪರಿಶೀಲಕರ ಅಭಿಪ್ರಾಯಗಳನ್ನು ಸಂಸ್ಥೆಯೇ ಹೊಂದಿಸಿ, ಒಂದೇ ಕಡತದಲ್ಲಿ, ಅನುವಾದ ತಲುಪಿದ 15 ದಿನಗಳೊಳಗೆ ಕಳುಹಿಸುವುದು. ಅನುವಾದದ ತಪ್ಪುಗಳನ್ನು ಯಾವಾಗಲೂ ಉಚಿತವಾಗಿ ತಿದ್ದಿಕೊಡಲಾಗುವುದು. ಉಳಿದ ಬದಲಾವಣೆಗಳಿಗೆ ದಿನದ ದರ, ಆರಂಭಿಸುವ ಮುನ್ನ ಎಷ್ಟಾಗುವುದೆಂದು ತಿಳಿಸಿ ಒಪ್ಪಿಗೆ ಪಡೆಯಲಾಗುವುದು. ಅರ್ಧ ಹಣ ಮುಂಗಡ, ಉಳಿದದ್ದು ಅನುವಾದ ಒಪ್ಪಿಸಿದ 30 ದಿನಗಳೊಳಗೆ. ಈ ಕೊನೆಯ ಸಾಲು ಮುಖ್ಯ. ‘ಪುಸ್ತಕ ಅಚ್ಚಾದ ಮೇಲೆ’ ಎಂದು ಒಪ್ಪಿಕೊಂಡರೆ, ಹಣ ಅವರ ಕೈಯಲ್ಲಿರುವಷ್ಟು ಕಾಲವೂ ಪ್ರತಿಯೊಂದು ಉಚಿತ ತಿದ್ದುಪಡಿಗೂ ನಾವು ತಲೆಯಾಡಿಸಬೇಕಾಗುತ್ತದೆ.

ಇದರ ಪರೀಕ್ಷೆ 2025ರಲ್ಲಿ ನಡೆಯಿತು. ಬೇರೊಂದು ಸಂಸ್ಥೆಯವರು 12,000 ಪದಗಳ ಕಿರುಪುಸ್ತಕ ತಂದರು. ಎಂಟು ದಿನದ ಅನುವಾದ, ಶೇ 15ರಂತೆ ಒಂದೂಕಾಲು ದಿನದ ತಿದ್ದುಪಡಿ, ಒಟ್ಟು 48,500 ರೂಪಾಯಿ ಎಂದು ಬರೆದು ಕಳುಹಿಸುವಾಗ ಕೈ ನಡುಗಿತು. ಹಿಂದಿನ ವರ್ಷ ಇದರ ಎರಡರಷ್ಟು ಪುಸ್ತಕಕ್ಕೆ ಪಡೆದ ಮೊತ್ತವದು. ಅವರ ಉತ್ತರ, ‘ಮೇಡಂ, ನಮ್ಮಲ್ಲಿ ಇರೋದು ನಲವತ್ತು ಸಾವಿರ ಮಾತ್ರ.’ ಮೊದಲಿನ ನಾನಾಗಿದ್ದರೆ ‘ಆಗಲಿ ಬಿಡಿ’ ಎನ್ನುತ್ತಿದ್ದೆ. ಈ ಸಲ ದರವನ್ನು ಇಳಿಸದೆ ಕೆಲಸವನ್ನು ಇಳಿಸೋಣ ಎಂದೆ. ಪುಸ್ತಕದ ಕೊನೆಯಲ್ಲಿ 2,000 ಪದಗಳಷ್ಟು ಸರ್ಕಾರಿ ನಮೂನೆಗಳಿದ್ದವು. ಅವು ಕನ್ನಡದಲ್ಲೇ ಇಲಾಖೆಯಿಂದ ಸಿಗುತ್ತಿದ್ದವು, ಹೊಸದಾಗಿ ಅನುವಾದಿಸುವ ಅಗತ್ಯವಿರಲಿಲ್ಲ. ಅದನ್ನು ತೆಗೆದ ಮೇಲೆ ಉಳಿದ 10,000 ಪದಗಳ ಲೆಕ್ಕ ತಿದ್ದುಪಡಿಯೂ ಸೇರಿ ನಲವತ್ತು ಸಾವಿರದ ಹತ್ತಿರಕ್ಕೆ ಬಂತು. ಇಬ್ಬರೂ ಒಪ್ಪಿದೆವು.

ಕೆಲಸ ಮುಗಿಯುವ ಹೊತ್ತಿಗೆ ನಿರೀಕ್ಷಿಸಿದ್ದ ಸಂದೇಶ ಬಂದೇ ಬಂತು. ಇಂಗ್ಲಿಷಿನಲ್ಲಿ ಒಂದು ಅಧ್ಯಾಯವನ್ನು ಸ್ವಲ್ಪ ಬದಲಿಸಿದ್ದೇವೆ, ಕನ್ನಡದಲ್ಲೂ ಸೇರಿಸಿಕೊಳ್ಳಿ ಎಂದು. ಸಂತೋಷದಿಂದ ಮಾಡಿಕೊಡುತ್ತೇನೆ, ಒಂದು ದಿನದ ಕೆಲಸ, 5,250 ರೂಪಾಯಿ, ಆರಂಭಿಸಲೇ ಎಂದು ಉತ್ತರ ಬರೆದೆ. ಸಂಜೆಯೊಳಗೆ ಮರುಉತ್ತರ ಬಂತು: ‘ಪರವಾಗಿಲ್ಲ ಮೇಡಂ, ಎರಡನೇ ಮುದ್ರಣದಲ್ಲಿ ನೋಡಿಕೊಳ್ಳೋಣ.’ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಹಿಂದಿನ ವರ್ಷ ಕೈಪಿಡಿಯ ಬದಲಾವಣೆಗಳಿಗೆ ಮೂರು ದಿನ ಕೊಟ್ಟಿದ್ದೆನಲ್ಲ, ಅವುಗಳಲ್ಲಿ ಎಷ್ಟು ನಿಜಕ್ಕೂ ಬೇಕಾಗಿದ್ದವು? ಬೆಲೆಯಿಲ್ಲದ್ದನ್ನು ಕೇಳುವಾಗ ಯಾರೂ ಬೇಕೋ ಬೇಡವೋ ಎಂದು ಯೋಚಿಸುವುದಿಲ್ಲ. ಅದು ಅವರ ದುರುದ್ದೇಶವಲ್ಲ. ಅದಕ್ಕೊಂದು ಬೆಲೆಯಿದೆ ಎಂದು ನಾನು ಹೇಳಿರಲೇ ಇಲ್ಲ.

ಎಲ್ಲ ಕಡೆಯೂ ಹೀಗೆ ಸುಖಾಂತವಾಯಿತೆಂದು ಹೇಳಲಾರೆ. ಅಂದಾಜುಪತ್ರ ತಲುಪಿದ ಮೇಲೆ ಇಬ್ಬರು ಹಳೆಯ ಗಿರಾಕಿಗಳು ಉತ್ತರವನ್ನೇ ಕೊಡಲಿಲ್ಲ. ಪದಕ್ಕೆ ಒಂದೂವರೆ ರೂಪಾಯಿಯ ಮಧ್ಯವರ್ತಿ ಕೆಲಸಗಳನ್ನು ನಾನೇ ಬಿಟ್ಟೆ, ಅದರಿಂದ ಕೆಲವು ತಿಂಗಳು ಕೈ ಬಿಗಿಯಾಗಿತ್ತು. ಈ ಕ್ಷೇತ್ರಕ್ಕೆ ಈಗ ತಾನೆ ಬಂದವರಿಗೆ ಹಾಗೆ ಬಿಡುವ ಸ್ವಾತಂತ್ರ್ಯ ಇರಲಾರದು. ಅವರು ಕಡಿಮೆ ದರಕ್ಕೇ ಒಪ್ಪಬೇಕಾಗಿ ಬಂದರೂ, ಎಷ್ಟು ಕಡಿಮೆಗೆ ಒಪ್ಪುತ್ತಿದ್ದೇವೆಂದು ತಿಳಿದು ಒಪ್ಪುವುದು ಒಳ್ಳೆಯದು. ತಿದ್ದುಪಡಿಯ ಸುತ್ತನ್ನು ಬರೆದುಕೊಳ್ಳುವುದಕ್ಕಂತೂ ಹೆಸರೂ ಅನುಭವವೂ ಬೇಕಿಲ್ಲ.

ಈ ಲೆಕ್ಕ ಪೂರ್ತಿ ಸೋಲುವ ಜಾಗವೂ ಒಂದಿದೆ, ಅದು ಸಾಹಿತ್ಯದ ಅನುವಾದ. 60,000 ಪದಗಳ ಕಾದಂಬರಿಯನ್ನು ದಿನಕ್ಕೆ ಸಾವಿರ ಪದಕ್ಕಿಂತ ವೇಗವಾಗಿ ನಾನು ಮಾಡಲಾರೆ. ಅರವತ್ತು ದಿನಕ್ಕೆ ನನ್ನ ದರದಲ್ಲಿ 3,15,000 ರೂಪಾಯಿ. ಪ್ರಕಾಶಕರು ಸಾವಿರ ಪ್ರತಿ ಅಚ್ಚು ಹಾಕಿ, 300 ರೂಪಾಯಿ ಬೆಲೆಯಿಟ್ಟು, ಒಂದೂ ಉಳಿಯದಂತೆ, ರಿಯಾಯಿತಿಯೇ ಇಲ್ಲದೆ ಮಾರಿದರೂ ಬರುವುದು ಮೂರು ಲಕ್ಷ. ಅನುವಾದಕಿಯ ಕೂಲಿಯೇ ಪುಸ್ತಕದ ಒಟ್ಟು ಮಾರಾಟವನ್ನು ಮೀರುವ ಕಡೆ ಚೌಕಾಸಿಗೆ ಅರ್ಥವಿಲ್ಲ. ಅಲ್ಲಿ ಪ್ರಕಾಶಕರನ್ನು ದೂರುವುದೂ ಸಲ್ಲದು.

ಆದ್ದರಿಂದ ಅದನ್ನು ನಾನು ಬೇರೆಯಾಗಿಯೇ ಇಟ್ಟಿದ್ದೇನೆ. ವರ್ಷಕ್ಕೆ ಇಪ್ಪತ್ತು ದಿನ ನನಗೆ ಪ್ರಿಯವಾದ ಸಾಹಿತ್ಯಕ್ಕೆ ಎಂದು ಮೊದಲೇ ಎತ್ತಿಡುತ್ತೇನೆ. ಒಂದು ಕಾದಂಬರಿಗೆ ಮೂರು ವರ್ಷ ಬೇಕಾಗುತ್ತದೆ, ಆಗಲಿ. ಆ ಇಪ್ಪತ್ತನ್ನು 160ರಿಂದ ಕಳೆದಾಗ ಉಳಿಯುವುದು 140 ದಿನ, ದಿನದ ದರ 6,000 ರೂಪಾಯಿ ಆಗುತ್ತದೆ. ಈ ವರ್ಷದಿಂದ ಅದೇ ನನ್ನ ದರ. ಕಾದಂಬರಿಗೆ ಬರುವ ಗೌರವಧನವನ್ನು ಈಗ ನಿಜವಾಗಿಯೂ ಗೌರವವೆಂದೇ ಸ್ವೀಕರಿಸಬಲ್ಲೆ, ಏಕೆಂದರೆ ಮನೆಯ ಬಾಡಿಗೆ ಅದನ್ನು ನಂಬಿಕೊಂಡಿಲ್ಲ.

ಮೊನ್ನೆ ಆ ಕೈಪಿಡಿಯ ಸಂಯೋಜಕಿ ಮತ್ತೆ ಕರೆ ಮಾಡಿದ್ದರು. ಪರಿಷ್ಕೃತ ಆವೃತ್ತಿ ಬರಲಿದೆಯಂತೆ. ಹೊಸ ಅಂದಾಜುಪತ್ರ ಕಳುಹಿಸಿದೆ. ಓದಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಮೇಡಂ, ಹೋದ ಸಲ ನಾವು ಎಷ್ಟು ಸುತ್ತು ಮಾಡಿಸಿದ್ವಿ?’ ನಾಲ್ಕು ಎಂದೆ. ‘ಅಯ್ಯೋ, ನೀವು ಆಗಲೇ ಹೇಳಬಾರದಿತ್ತಾ?’ ಎಂದರು. ಹೇಳಬೇಕಿತ್ತು. ಈ ಸಲ ಮೂಲಪ್ರತಿಯಲ್ಲಿ ಬದಲಾದ ಸಾಲುಗಳಿಗೆಲ್ಲ ಹಳದಿ ಬಣ್ಣ ಹಚ್ಚಿ ಕಳುಹಿಸುವುದಾಗಿ ಒಪ್ಪಿದ್ದಾರೆ.